ರೈಲು ತರೀಕೆರೆಯಲ್ಲೇ ನಿಂತರೆ ಸಿದ್ದಾಪುರ ಮುಟ್ಟೋದು ಹೇಗೆ?

ಪ್ರಶ್ನೆ: ಸರ್, ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಕರ್ಕೊಂಡು ರಾತ್ರಿಯ ತಾಳಗುಪ್ಪ ರೈಲಿನಲ್ಲಿ ಬೆಂಗಳೂರಿಂದ ಊರಿಗೆ ಬರ್ತಿದ್ದೆ. ನಮ್ಮೂರು ಸಿದ್ದಾಪುರ. ಬೆಳಗಿನ ಜಾವ ಮೂರೂವರೆಗೆ ತರೀಕೆರೆಯಲ್ಲಿ ರೈಲು ನಿಂತಿತು. ಮುಂದೆ ಹಳಿ ಮೇಲೆ ಮರ ಬಿದ್ದಿದೆ, ರೈಲು ಇಲ್ಲಿಗೇ ಕೊನೆ ಅಂದರು. ಸಿದ್ದಾಪುರಕ್ಕೆ ಬಸ್ ಯಾವಾಗ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಬೆಳಗ್ಗೆ ಎಂಟರವರೆಗೆ ಸ್ಟೇಷನ್ನಿನಲ್ಲೇ ಕೂತಿದ್ವಿ. ಇಂಥ ಹೊತ್ತಲ್ಲಿ ಏನು ಮಾಡಬೇಕು? ಟಿಕೆಟ್ ದುಡ್ಡು ವಾಪಸ್ ಬರುತ್ತಾ?

ಉತ್ತರ: ನೀವು ಕೇಳಿದ ಪ್ರಶ್ನೆಯಲ್ಲೇ ತೊಡಕು ಇತ್ತು. ತರೀಕೆರೆಯಲ್ಲಿ ನಿಂತು ಸಿದ್ದಾಪುರದ ಬಸ್ ಕೇಳಿದರೆ ಯಾರೂ ಉತ್ತರ ಕೊಡಲಾರರು. ಕೇಳಬೇಕಿದ್ದದ್ದು ಶಿವಮೊಗ್ಗದ ಬಸ್. ಅದು ಆ ಹೊತ್ತಿನಲ್ಲೂ ಇರುತ್ತೆ. ನಾನು ಸಾರಿಗೆಯಲ್ಲಿ ಸಂಚಾರ ನಿಯಂತ್ರಕನಾಗಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವನು. ರೈಲು ನಿಂತ ರಾತ್ರಿಗಳಲ್ಲಿ ಕಂಟ್ರೋಲರ್ ಕಿಟಕಿಗೆ ಬಂದವರು ಹೆಚ್ಚಿನವರು ತಮ್ಮ ಊರಿನ ಹೆಸರನ್ನೇ ಹೇಳುತ್ತಿದ್ದರು. ಹೊಸನಗರ, ಸೊರಬ, ಸಿದ್ದಾಪುರ, ಜೋಗ. ಇಲ್ಲ ಅನ್ನಿಸಿಕೊಂಡು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಅವರ ಕಣ್ಣೆದುರೇ ಶಿವಮೊಗ್ಗದ ಬಸ್ಸು ಬಂದು ಹೋಗುತ್ತಿತ್ತು.

ನಮ್ಮ ಕಡೆಯ ರೈಲು ದಾರಿಯ ಒಂದು ಅನುಕೂಲ ನೋಡಿ. ತುಮಕೂರಿಂದ ಹಿಡಿದು ತಾಳಗುಪ್ಪದವರೆಗೆ ಹಳಿಯೂ ಬಿ.ಎಚ್. ರಸ್ತೆಯೂ ಹೆಚ್ಚುಕಡಿಮೆ ಜೊತೆಜೊತೆಗೇ ಹೋಗುತ್ತವೆ. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರ, ಇಷ್ಟೂ ಊರು ಹಳಿಗೂ ಸಿಗುತ್ತವೆ, ರಸ್ತೆಗೂ ಸಿಗುತ್ತವೆ. ಹಾಗಾಗಿ ಈ ಊರುಗಳಲ್ಲಿ ಎಲ್ಲೇ ರೈಲು ಕೈಕೊಟ್ಟರೂ ನೀವು ಹುಡುಕಬೇಕಾದದ್ದು ಬಸ್ಸನ್ನಲ್ಲ, ಬಿ.ಎಚ್. ರಸ್ತೆಯನ್ನು. ಆ ರಸ್ತೆಯ ಮೇಲಿನ ಬಸ್ ನಿಲ್ದಾಣ ತಲುಪಿದರೆ ಶಿವಮೊಗ್ಗದ ಕಡೆ ಹೋಗುವ ಗಾಡಿ ಬಂದೇ ಬರುತ್ತೆ.

ಆದರೆ ರೈಲಿನಿಂದ ಇಳಿಯುವ ಮೊದಲು ಐದು ನಿಮಿಷ ಖರ್ಚು ಮಾಡಿ ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ.

ಮೊದಲನೆಯದು, ರೈಲು ನಿಜಕ್ಕೂ ಇಲ್ಲಿಗೇ ಕೊನೆಯಾ ಅಥವಾ ಸುಮ್ನೆ ನಿಲ್ಲಿಸಿದ್ದಾರಾ ಅಂತ. ಬೋಗಿಯಲ್ಲಿ ಹಬ್ಬುವ ಮಾತು ನಂಬಬೇಡಿ. ನೇರ ಸ್ಟೇಷನ್ ಮಾಸ್ಟರ್ ಕೋಣೆಗೆ ಹೋಗಿ ಕೇಳಿ, ಏನು ಕಾರಣ ಅಂತಲೂ ಕೇಳಿ. ಕಾರಣ ಗೊತ್ತಾದರೆ ಎಷ್ಟು ಹೊತ್ತು ಅನ್ನೋದು ಅರ್ಧ ಗೊತ್ತಾದ ಹಾಗೆ. ಬರೀ ಹಳಿ ಮೇಲೆ ಮರ ಬಿದ್ದಿದ್ದರೆ ಕಡಿದು ಎಳೆದು ಹಾಕಿ ಒಂದೆರಡು ಗಂಟೆಯಲ್ಲಿ ಬಿಡಬಹುದು. ಅದೇ ಮರ ಮೇಲಿನ ಕರೆಂಟ್ ತಂತಿಯನ್ನೂ ಎಳೆದುಕೊಂಡು ಬಿದ್ದಿದ್ದರೆ ದುರಸ್ತಿ ಗಾಡಿ ಬೇರೆ ಸ್ಟೇಷನ್ನಿನಿಂದ ಬರಬೇಕು, ಇನ್ನಷ್ಟು ತಡ. ಹಳಿಯ ಕೆಳಗಿನ ಜಲ್ಲಿ, ಮಣ್ಣು ನೀರಿಗೆ ಕೊಚ್ಚಿಹೋಗಿದೆ ಅಂದರೆ ಅವತ್ತಿಗೆ ರೈಲಿನ ಆಸೆ ಬಿಡಿ. ಇನ್ನೊಂದು ಗುರುತು ಇದೆ. ಇಂಜಿನ್ ಬಿಚ್ಚಿ ಆ ತುದಿಗೆ ಒಯ್ದು ಜೋಡಿಸುತ್ತಿದ್ದರೆ ರೈಲು ವಾಪಸ್ ಹೋಗೋದು ನಿಕ್ಕಿ. ಘೋಷಣೆ ಕೇಳಿಸದಿದ್ದರೂ ಅದನ್ನು ಕಣ್ಣಾರೆ ನೋಡಬಹುದು. ಮೊಬೈಲಿನಲ್ಲಿ ರೈಲು ಎಲ್ಲಿದೆ ಅಂತ ತೋರಿಸುವ ರೈಲ್ವೆಯ NTES ನೋಡಬಹುದು, ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಬಹುದು. ಆದರೆ ಅಲ್ಲಿ ಸುದ್ದಿ ಏರುವ ಮೊದಲೇ ಸ್ಟೇಷನ್ ಮಾಸ್ಟರಿಗೆ ಗೊತ್ತಿರುತ್ತೆ.

ಎರಡನೆಯದು, ರೈಲ್ವೆಯವರೇ ಬಸ್ ವ್ಯವಸ್ಥೆ ಮಾಡುತ್ತಿದ್ದಾರಾ ಅಂತ ಕೇಳಿ. ಕೆಲವು ಸಲ ಮಾಡುತ್ತಾರೆ. ಬಸ್ ಆಗಲೇ ಬಂದಿದ್ದರೆ ಅಥವಾ ಡಿಪೋದಿಂದ ಹೊರಟಿದ್ದರೆ ಕಾಯಿರಿ, ವಯಸ್ಸಾದವರು ಜೊತೆಗಿದ್ದರಂತೂ ಕಾಯೋದೇ ಒಳ್ಳೆಯದು. ಇದಕ್ಕೂ ನಿಮ್ಮ ಟಿಕೆಟ್ ದುಡ್ಡಿಗೂ ಸಂಬಂಧ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. "ಕೇಳ್ತಿದ್ದೇವೆ, ನೋಡೋಣ" ಅಂತ ಮಾತ್ರ ಹೇಳಿದರೆ ಅರ್ಧ ಗಂಟೆಗಿಂತ ಜಾಸ್ತಿ ಕಾಯಬೇಡಿ. ಮಧ್ಯರಾತ್ರಿ ಡಿಪೋದಲ್ಲಿ ಗಾಡಿ ಇದ್ದರೂ ಓಡಿಸೋಕೆ ಡ್ರೈವರ್ ಸಿಗಬೇಕಲ್ಲ.

ಎಲ್ಲಿ ಇಳಿಯಬೇಕು ಅನ್ನೋದೂ ಒಂದು ಲೆಕ್ಕ. ರೈಲು ಇನ್ನೂ ನಿಧಾನಕ್ಕಾದರೂ ಮುಂದೆ ಹೋಗುತ್ತಿದ್ದರೆ ಇಳಿಯಬೇಡಿ. ಬೀರೂರಿಗಿಂತ ತರೀಕೆರೆ ಮೇಲು, ತರೀಕೆರೆಗಿಂತ ಭದ್ರಾವತಿ ಮೇಲು. ಭದ್ರಾವತಿ ಮುಟ್ಟಿದರೆ ಶಿವಮೊಗ್ಗ ಇನ್ನು ಇಪ್ಪತ್ತೇ ಕಿಲೋಮೀಟರ್, ಬೆಳಗಾದ ಮೇಲೆ ಒಂದರ ಹಿಂದೆ ಒಂದು ಬಸ್ ಇರುತ್ತೆ. ಆದರೆ ಮಸರಹಳ್ಳಿಯಂಥ ಸಣ್ಣ ಸ್ಟೇಷನ್ನಿನಲ್ಲೋ, ಸ್ಟೇಷನ್ನೇ ಇಲ್ಲದ ಕಡೆ ಕಾಡು ತೋಟದ ನಡುವೆಯೋ ನಿಂತರೆ ಕತ್ತಲಲ್ಲಿ ಕೆಳಗೆ ಕಾಲಿಡಬೇಡಿ. ಮಳೆಯಲ್ಲಿ ಜಲ್ಲಿಕಲ್ಲಿನ ಏರಿಯಿಂದ ಜಾರಿ ಕಾಲು ಮುರಿದುಕೊಂಡವರನ್ನು ನಾನು ನೋಡಿದ್ದೇನೆ. ರೈಲನ್ನು ಹಿಂದಿನ ದೊಡ್ಡ ಸ್ಟೇಷನ್ನಿಗೇ ಒಯ್ಯುವುದು ಸಾಮಾನ್ಯ, ಅಲ್ಲಿವರೆಗೆ ಒಳಗೇ ಕೂತಿರಿ. 2024ರ ಜುಲೈ ಕೊನೆಯಲ್ಲಿ ಸಕಲೇಶಪುರದ ಘಾಟಿಯಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ಮಂಗಳೂರು ರೈಲುಗಳೆಲ್ಲ ನಿಂತಿದ್ದವಲ್ಲ, ಅಂಥ ಕಡೆ ಇಳಿದರೂ ಹಿಡಿಯೋಕೆ ರಸ್ತೆಯೇ ಇರಲ್ಲ. ನಮ್ಮ ಬೀರೂರು–ಶಿವಮೊಗ್ಗ ದಾರಿ ಅಷ್ಟು ಕಷ್ಟದ್ದಲ್ಲ ಅನ್ನೋದೇ ಸಮಾಧಾನ.

ಈಗ ನಿಮ್ಮ ರಾತ್ರಿಗೇ ಬರೋಣ. ಗಂಟೆ ಮೂರೂವರೆ, ತರೀಕೆರೆ. ಅದು ಕೆಟ್ಟ ಹೊತ್ತು ಅಂತ ನಿಮಗೆ ಅನ್ನಿಸಿರಬಹುದು, ಆದರೆ ಬಸ್ಸಿನ ಮಟ್ಟಿಗೆ ಅದು ಒಳ್ಳೆ ಹೊತ್ತು. ಯಾಕೆ ಹೇಳ್ತೀನಿ ಕೇಳಿ. ಬೆಂಗಳೂರಿಂದ ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಗೆ ಹೋಗುವ ರಾತ್ರಿ ಬಸ್ಸುಗಳು ಹತ್ತರಿಂದ ಹನ್ನೊಂದೂವರೆ ನಡುವೆ ಸಾಲಾಗಿ ಹೊರಡುತ್ತವೆ. ಬೆಂಗಳೂರಿಂದ ತರೀಕೆರೆ ಬಿ.ಎಚ್. ರಸ್ತೆಯಲ್ಲಿ ಸುಮಾರು 245 ಕಿಲೋಮೀಟರ್. ನೆಲಮಂಗಲ ದಾಟೋಕೆ ಒಂದು ಗಂಟೆ ಇಡಿ. ಆಮೇಲೆ ಟೀ ನಿಲುಗಡೆಯೂ ಸೇರಿ ಗಂಟೆಗೆ 45 ಕಿಲೋಮೀಟರ್ ಸರಾಸರಿ ಹಿಡಿದರೆ ಹೊರಟ ಐದೂವರೆ ಆರು ಗಂಟೆಗೆ ತರೀಕೆರೆ. ಹತ್ತಕ್ಕೆ ಹೊರಟದ್ದು ಮೂರೂವರೆ ನಾಲ್ಕಕ್ಕೆ, ಹನ್ನೊಂದಕ್ಕೆ ಹೊರಟದ್ದು ನಾಲ್ಕೂವರೆ ಐದಕ್ಕೆ. ಅಂದರೆ ನೀವು ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದ ಹೊತ್ತಿಗೆ ಊರೊಳಗಿನ ರಸ್ತೆಯಲ್ಲಿ ಆ ಬಸ್ಸುಗಳು ಹೋಗುತ್ತಲೇ ಇದ್ದವು.

ಈ ಲೆಕ್ಕವನ್ನು ಮೊಬೈಲಿನಲ್ಲೇ ಮಾಡಬಹುದು. ತರೀಕೆರೆಯಿಂದ ಸಾಗರ ಅಂತ ಹುಡುಕಿದರೆ ಬುಕಿಂಗ್ ಪುಟದಲ್ಲಿ ಏನೂ ಕಾಣದೇ ಇರಬಹುದು, ಅದನ್ನು ನೋಡಿ ಬಸ್ಸೇ ಇಲ್ಲ ಅಂದ್ಕೋಬೇಡಿ. ಬೆಂಗಳೂರಿಂದ ಸಾಗರ, ಬೆಂಗಳೂರಿಂದ ಶಿವಮೊಗ್ಗ ಅಂತ ಹುಡುಕಿ. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿದೆ ನೋಡಿ. ಅದಕ್ಕೆ ಐದೂವರೆ ಆರು ಗಂಟೆ ಕೂಡಿಸಿ. ಬೀರೂರಿಗಾದರೆ ಅರ್ಧ ಗಂಟೆ ಕಳೆಯಿರಿ, ಭದ್ರಾವತಿಗಾದರೆ ಅರ್ಧ ಗಂಟೆ ಸೇರಿಸಿ. ಸಿರಸಿ ಬಸ್ಸುಗಳ ವಿಷಯದಲ್ಲಿ ಮಾತ್ರ ಎಚ್ಚರ. ಕೆಲವು ಸಾಗರದ ಮೇಲೆ ಬರುತ್ತವೆ, ಕೆಲವು ಚಿತ್ರದುರ್ಗ ದಾವಣಗೆರೆ ಹಾವೇರಿ ಮೇಲೆ ಹೋಗುತ್ತವೆ. ಹಾವೇರಿ ಮೇಲಿನ ಬಸ್ಸಿಗೆ ತರೀಕೆರೆಯಲ್ಲಿ ಬೆಳಗಿನ ತನಕ ಕಾದರೂ ಅದು ಬರಲ್ಲ.

ಎಲ್ಲ ಬಸ್ಸೂ ನಿಲ್ಲಲ್ಲ, ಅದೂ ತಿಳಿದಿರಲಿ. ಪರದೆ ಹಾಕಿದ ಸ್ಲೀಪರ್ ಕೋಚುಗಳು, ಅದರಲ್ಲೂ ಖಾಸಗಿಯವು, ದಾರಿಯಲ್ಲಿ ಕೈ ತೋರಿಸಿದರೆ ನಿಲ್ಲಿಸೋದು ಅಪರೂಪ. ನಿಮಗೆ ಬೇಕಾದದ್ದು ಕೆಂಪು ಬಸ್ಸು, ನಾವು ವೇಗದೂತ ಅನ್ನುವುದು. ಅದು ನಿಲ್ದಾಣದ ಒಳಗೆ ಬರುತ್ತೆ. ರಾತ್ರಿ ಹೊತ್ತು ಇಳಿಯುವವರು ಯಾರೂ ಇಲ್ಲದಿದ್ದರೆ ಕೆಲವು ಡ್ರೈವರುಗಳು ಒಳಗೆ ಬಾರದೆ ರಸ್ತೆಯಲ್ಲೇ ಮುಂದೆ ಹೋಗಿಬಿಡುವುದೂ ಉಂಟು. ಅದಕ್ಕೆ ನಿಲ್ದಾಣದ ಬೆಂಚಿನ ಮೇಲೆ ಕೂರಬೇಡಿ. ಬಸ್ಸು ಒಳಗೆ ತಿರುಗುವ ಬಾಯಲ್ಲಿ, ದೀಪ ಇರುವ ಕಡೆ, ಬೆಂಗಳೂರಿನ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಅಲ್ಲಿ ಟೀ ಅಂಗಡಿ ತೆರೆದಿದ್ದರೆ ಇನ್ನೂ ಒಳ್ಳೆಯದು. ಯಾವ ಬಸ್ಸು ಬಂತು, ಯಾವುದು ಇನ್ನೂ ಬರಬೇಕು ಅನ್ನೋದು ಆ ಅಂಗಡಿಯವರಿಗೆ ಗೊತ್ತಿರುವಷ್ಟು ಆ ಹೊತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿರಲ್ಲ.

ಸ್ಟೇಷನ್ನಿನಿಂದ ಬಸ್ ನಿಲ್ದಾಣಕ್ಕೆ ಆಟೊ ಹಿಡಿಯಿರಿ. ರೈಲಿನಿಂದ ನೂರಾರು ಜನ ಒಟ್ಟಿಗೇ ಇಳಿದಾಗ ಮೊದಲ ಹತ್ತು ನಿಮಿಷದಲ್ಲಿ ಇರುವ ನಾಲ್ಕು ಆಟೊ ಖಾಲಿಯಾಗುತ್ತವೆ. ಸ್ಟೇಷನ್ ಮಾಸ್ಟರ್ ಹತ್ತಿರ ಒಬ್ಬರು ಹೋಗಿ, ಇನ್ನೊಬ್ಬರು ಸಾಮಾನು ಹಿಡ್ಕೊಂಡು ಹೊರಗೆ ಆಟೊ ನೋಡಿಕೊಳ್ಳೋದು ಒಳ್ಳೆಯದು. ಅಮ್ಮನ ಜೊತೆ ಒಬ್ಬರೇ ಇದ್ದಿರಿ, ನಿಜ. ಆಗ ಅದೇ ಬೋಗಿಯಲ್ಲಿ ಸಾಗರ ಕಡೆಯವರು ಯಾರಾದರೂ ಇದ್ದಾರಾ ನೋಡಿ ಜೊತೆ ಮಾಡಿಕೊಳ್ಳಿ. ನಾಲ್ಕು ಜನ ಆದರೆ ಇನ್ನೊಂದು ದಾರಿಯೂ ತೆರೆಯುತ್ತೆ, ಟ್ಯಾಕ್ಸಿ. ಅದನ್ನು ಸಾಗರದವರೆಗೆ ಮಾಡಬೇಡಿ, ಸುಮ್ನೆ ದುಡ್ಡು ದಂಡ. ಶಿವಮೊಗ್ಗದವರೆಗಿನ ನಲವತ್ತು ಕಿಲೋಮೀಟರಿಗೆ ಮಾತ್ರ ಮಾಡಿ. ಅಲ್ಲಿಂದ ಮುಂದೆ ಬಸ್ಸಿಗೆ ಕೊರತೆ ಇಲ್ಲ.

ಬಸ್ಸಿಗೆ ಹತ್ತುವ ಮುಂಚೆ ಒಂದು ಮಾತು ಕೇಳಲೇಬೇಕು, ಮುಂದೆ ರಸ್ತೆ ಸರಿ ಇದೆಯಾ ಅಂತ. ಹಳಿ ಮೇಲೆ ಮರ ಬೀಳಿಸಿದ ಗಾಳಿ ಪಕ್ಕದ ರಸ್ತೆಯನ್ನು ಬಿಟ್ಟಿರುತ್ತೆ ಅನ್ನುವ ಹಾಗಿಲ್ಲ. ಇದಕ್ಕೆ ಉತ್ತರ ಸಿಗೋದು ನೀವು ಹತ್ತುವ ಬಸ್ಸಿನಲ್ಲಲ್ಲ, ಎದುರಿಂದ ಬಂದ ಬಸ್ಸಿನಲ್ಲಿ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಗಾಡಿ ತರೀಕೆರೆಗೆ ಬಂದು ನಿಂತಾಗ ಕಂಡಕ್ಟರನ್ನು ಕೇಳಿ. ಅವರು ಆಗತಾನೆ ಆ ರಸ್ತೆ ನೋಡಿಕೊಂಡು ಬಂದಿರುತ್ತಾರೆ. ನಾವು ಕಂಟ್ರೋಲರುಗಳೂ ಹೀಗೇ ತಿಳಿದುಕೊಳ್ಳುತ್ತಿದ್ದೆವು, ಬೇರೆ ಮಂತ್ರ ಏನೂ ಇರಲಿಲ್ಲ.

ಹೀಗೆ ಮಾಡಿದ್ದರೆ ನಿಮ್ಮ ಬೆಳಗು ಹೆಚ್ಚುಕಡಿಮೆ ಹೀಗಿರುತ್ತಿತ್ತು. ಮೂರೂವರೆಗೆ ರೈಲು ನಿಂತಿತು, ವಿಚಾರಿಸಿ ನಾಲ್ಕೂಕಾಲಿಗೆ ಬಸ್ ನಿಲ್ದಾಣ. ಅರ್ಧ ಗಂಟೆ ಕಾದು ನಾಲ್ಕೂಮುಕ್ಕಾಲಿಗೆ ಬೆಂಗಳೂರಿಂದ ಬಂದ ಬಸ್ಸು. ಆರರ ಒಳಗೆ ಶಿವಮೊಗ್ಗ. ಅದೇ ಬಸ್ಸು ಸಾಗರದ್ದಾಗಿದ್ದರೆ ಇಳಿಯೋದೇ ಬೇಡ, ಇಲ್ಲದಿದ್ದರೆ ಇಳಿದು ಅಮ್ಮನಿಗೆ ಒಂದು ಕಾಫಿ ಕೊಡಿಸಿ ಆರೂಕಾಲಿಗೆ ಸಾಗರದ ಬಸ್ಸು. ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಮಳೆಯಲ್ಲಿ ಎರಡು ಗಂಟೆ ಹಿಡಿಯಿರಿ. ಎಂಟೂಕಾಲಿಗೆ ಸಾಗರ. ಅಲ್ಲಿಂದ ತಾಳಗುಪ್ಪದ ಮೇಲೆ ಸಿದ್ದಾಪುರಕ್ಕೆ ಒಂದು ಗಂಟೆ. ಕಾಯುವ ಹೊತ್ತೂ ಸೇರಿ ಹತ್ತರ ಒಳಗೆ ಮನೆ. ರೈಲು ಸರಿಯಾಗಿ ಹೋಗಿದ್ದರೂ ತಾಳಗುಪ್ಪದಲ್ಲಿ ಇಳಿದು ಬಸ್ಸು ಹಿಡಿಯಲೇಬೇಕಿತ್ತಲ್ವಾ, ಅದಕ್ಕೆ ಹೋಲಿಸಿದರೆ ತುಂಬ ತಡವೇನಲ್ಲ.

ಶಿವಮೊಗ್ಗದಲ್ಲಿ ಇಳಿದಾಗ ಒಂದು ಸಂಗತಿ ಗಮನದಲ್ಲಿರಲಿ. ಕೆಎಸ್‌ಆರ್‌ಟಿಸಿ ನಿಲ್ದಾಣವೂ ಖಾಸಗಿ ನಿಲ್ದಾಣವೂ ಅಕ್ಕಪಕ್ಕದಲ್ಲೇ ಇವೆ. ಸಾಗರ, ಹೊಸನಗರ, ತೀರ್ಥಹಳ್ಳಿ ದಾರಿಗಳಲ್ಲಿ ಖಾಸಗಿ ಬಸ್ಸು ಬಹಳ. ನಮ್ಮ ಕಿಟಕಿಯಲ್ಲಿ ಕೇಳಿದರೆ ನಮ್ಮ ಬಸ್ಸಿನ ಹೊತ್ತು ಹೇಳುತ್ತೇವೆ, ಖಾಸಗಿಯವರ ಹೊತ್ತು ಹೇಳಲ್ಲ. ಅದಕ್ಕೆ "ಇನ್ನು ಮುಕ್ಕಾಲು ಗಂಟೆ" ಅಂತ ಉತ್ತರ ಬಂದರೆ ಅಲ್ಲೇ ಕೂರಬೇಡಿ, ಪಕ್ಕಕ್ಕೆ ಹೋಗಿ ನೋಡಿ. ಅಮ್ಮನಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಬೇಕಿದ್ದರೆ ಸರ್ಕಾರಿ ಕೆಂಪು ಬಸ್ಸೇ ಆಗಬೇಕು. ಸಾಗರದಾಚೆ ಓಡುವ ವಾಯವ್ಯ ಸಾರಿಗೆಯ ಬಸ್ಸಿನಲ್ಲೂ ಅದು ನಡೆಯುತ್ತೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ನಡೆಯಲ್ಲ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಬ್ಯಾಗಿನ ತಳದಲ್ಲಿ ಅಲ್ಲ, ಕೈಗೆ ಸಿಗುವ ಕಡೆ ಇರಲಿ. ರೈಲು ಶಿವಮೊಗ್ಗಕ್ಕೇ ಬಂದು ನಿಂತಿದ್ದರೆ ಸ್ಟೇಷನ್ನಿನಿಂದ ಬಸ್ ನಿಲ್ದಾಣಕ್ಕೆ ಸುಮಾರು ಎರಡು ಕಿಲೋಮೀಟರ್, ಆಟೊದಲ್ಲಿ ಹತ್ತು ನಿಮಿಷ.

ಸಂಜೆ ರೈಲಿನಲ್ಲಿ ಬಂದವರ ಪಾಡು ಮಾತ್ರ ಬೇರೆ. ರಾತ್ರಿ ಒಂಬತ್ತೂವರೆ ಹತ್ತಕ್ಕೆ ಶಿವಮೊಗ್ಗದಲ್ಲಿ ರೈಲು ಕೈಕೊಟ್ಟರೆ ಸಾಗರದವರೆಗೆ ಹೇಗೋ ಹೋಗಬಹುದು, ಆದರೆ ಅಲ್ಲಿಂದ ಸಿದ್ದಾಪುರಕ್ಕೆ ಆ ಹೊತ್ತಿಗೆ ಬಸ್ಸು ನೆಚ್ಚಿಕೊಳ್ಳುವ ಹಾಗಿಲ್ಲ. ಮಲೆನಾಡಿನ ಒಳದಾರಿಗಳಲ್ಲಿ ಕೊನೆ ಬಸ್ಸು ಬೇಗ ಹೋಗಿಬಿಡುತ್ತೆ. ಊರಿಂದ ಯಾರಾದರೂ ಗಾಡಿ ತಂದು ಸಾಗರದಲ್ಲಿ ಕಾಯುವುದಾದರೆ ಮಾತ್ರ ಮುಂದೆ ಹೋಗಿ. ಇಲ್ಲವಾದರೆ ಶಿವಮೊಗ್ಗದ ನಿಲ್ದಾಣದ ಹತ್ತಿರವೇ ಲಾಡ್ಜ್ ಹಿಡಿದು ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಹೊರಡಿ.

ಶಿವಮೊಗ್ಗ ದಾಟಿದ ಮೇಲೆ ರೈಲು ನಿಂತರೆ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಯಾಕೆಂದರೆ ಹಳಿ ಮತ್ತು ರಸ್ತೆ ಬೇರೆಬೇರೆ ಆಗೋದು ಅಲ್ಲೇ. ಕುಂಸಿಯಲ್ಲಿ ನಿಂತರೆ ಚಿಂತೆ ಇಲ್ಲ, ಬಿ.ಎಚ್. ರಸ್ತೆ ಅಲ್ಲೇ ಇದೆ, ಸಾಗರದ ಬಸ್ಸು ಸಿಗುತ್ತೆ. ಆನಂದಪುರವೂ ಹಾಗೇ. ನಡುವಿನ ಅರಸಾಳು ಮಾತ್ರ ಬೇರೆ. ಅದು ಆಯನೂರಿಂದ ರಿಪ್ಪನ್‌ಪೇಟೆಗೆ ಹೋಗುವ ದಾರಿಯಲ್ಲಿದೆ, ಸುತ್ತ ಕಾಡು. ಅಲ್ಲಿ ನಿಂತು ಸಾಗರದ ಬಸ್ಸಿಗೆ ಕಾದರೆ ಕಾಯುತ್ತಲೇ ಇರಬೇಕು. ಹಗಲಾಗಿದ್ದರೆ ಸಿಕ್ಕ ಬಸ್ಸಿಗೆ ರಿಪ್ಪನ್‌ಪೇಟೆಗೆ ಹೋಗಿ, ಏಳೆಂಟು ಕಿಲೋಮೀಟರ್ ಅಷ್ಟೆ. ಅಲ್ಲಿಂದ ಆನಂದಪುರದ ಕಡೆ ಬಸ್ಸು ಹಿಡಿದು ಮತ್ತೆ ಬಿ.ಎಚ್. ರಸ್ತೆಗೆ ಸೇರಿಕೊಳ್ಳಬಹುದು. ರಾತ್ರಿಯಾದರೆ ರೈಲಿನಲ್ಲೇ ಇರಿ.

ಇನ್ನು ದುಡ್ಡಿನ ವಿಷಯ. ರೈಲು ಪೂರ್ತಿ ರದ್ದಾದರೆ ಆನ್‌ಲೈನ್ ಟಿಕೆಟ್ಟಿನ ಹಣ ತಾನಾಗಿಯೇ ಖಾತೆಗೆ ಬರುತ್ತೆ. ನಡುದಾರಿಯಲ್ಲಿ ನಿಂತದ್ದಕ್ಕೆ ಹಾಗೆ ಬರುತ್ತೆ ಅಂತ ಕಾಯಬೇಡಿ, ನೀವೇ ಟಿಡಿಆರ್ ಅನ್ನುವ ರೀಫಂಡ್ ಅರ್ಜಿ ಹಾಕಬೇಕು. ಟಿಕೆಟ್ ಮಾಡಿದ ಐಆರ್‌ಸಿಟಿಸಿ ಖಾತೆಗೇ ಹೋಗಿ, ಆ ಟಿಕೆಟ್ ತೆರೆದು, ಕಾರಣಗಳ ಪಟ್ಟಿಯಲ್ಲಿ Train Terminated Short of Destination ಅನ್ನುವುದನ್ನು ಆರಿಸಿ. ನಿಮ್ಮ ಇಳಿಯುವ ಸ್ಟೇಷನ್ನಿಗೆ ರೈಲು ಮುಟ್ಟಬೇಕಿದ್ದ ಹೊತ್ತಿನಿಂದ 72 ಗಂಟೆಯ ಒಳಗೆ ಹಾಕಬೇಕು. ನೀವಿದ್ದ ಸಂದರ್ಭಕ್ಕೆ ಆ ಅವಧಿ ಮುಗಿದುಹೋಗಿದೆ. ಮುಂದಿನ ಸಲ ಬಸ್ಸಿನಲ್ಲಿ ಕೂತ ಕೂಡಲೇ ಹಾಕಿಬಿಡಿ, ಮನೆಗೆ ಹೋದ ಮೇಲೆ ಮರೆತುಹೋಗುತ್ತೆ. ಕೌಂಟರಿನಲ್ಲಿ ತೆಗೆದ ಕಾಗದದ ಟಿಕೆಟ್ ಆದರೆ ರೈಲು ನಿಂತ ಸ್ಟೇಷನ್ನಿನಲ್ಲೇ ಅದನ್ನು ಒಪ್ಪಿಸಿ. ಅಲ್ಲೇ ಹಣ ಕೊಡುತ್ತಾರೆ, ಇಲ್ಲವೇ ಟಿಡಿಆರ್ ರಸೀದಿ ಕೊಡುತ್ತಾರೆ. ಟಿಕೆಟ್ ಜೇಬಲ್ಲಿಟ್ಟುಕೊಂಡು ಬಸ್ ಹತ್ತಿದವರಿಗೆ ಆಮೇಲೆ ಓಡಾಟ ಜಾಸ್ತಿ.

ಎಷ್ಟು ಬರುತ್ತೆ ಅನ್ನೋದು ಆ ಬಸ್ಸಿನ ಪ್ರಶ್ನೆಯ ಮೇಲೆ ನಿಂತಿದೆ, ಆಗಲೇ ಹೇಳಿದೆನಲ್ಲ. 2015ರ ರೀಫಂಡ್ ನಿಯಮದಲ್ಲಿ ಹೀಗಿದೆ. ಅಪಘಾತ, ಹಳಿ ಕೊಚ್ಚಿಹೋಗೋದು, ಪ್ರವಾಹ ಇಂಥ ಕಾರಣಕ್ಕೆ ರೈಲು ನಡುವೆ ನಿಂತು, ರೈಲ್ವೆಗೆ ನಿಮ್ಮನ್ನು ಊರು ಮುಟ್ಟಿಸುವ ಬೇರೆ ವ್ಯವಸ್ಥೆ ಮಾಡಲು ಆಗದಿದ್ದರೆ, ನೀವು ಬಂದ ದಾರಿಯದ್ದೂ ಸೇರಿ ಪೂರ್ತಿ ಟಿಕೆಟ್ ಹಣ ವಾಪಸ್. ಅವರು ಬಸ್ಸೋ ಬೇರೆ ರೈಲೋ ಕೊಟ್ಟು, ನೀವು ಬೇಡ ಅಂತ ನಿಮ್ಮ ದಾರಿ ಹಿಡಿದರೆ, ಬಂದಷ್ಟು ದೂರದ ಹಣ ಹಿಡಿದುಕೊಂಡು ಉಳಿದದ್ದು ಮಾತ್ರ ಕೊಡುತ್ತಾರೆ. ಬೆಂಗಳೂರಿಂದ ತರೀಕೆರೆಗೆ ಬಂದವರಿಗೆ ಉಳಿಯೋದು ಸಣ್ಣ ಮೊತ್ತ. ಅದಕ್ಕೇ ಸ್ಟೇಷನ್ ಮಾಸ್ಟರ್ ಬಸ್ ವ್ಯವಸ್ಥೆ ಇಲ್ಲ ಅಂದರೆ, ಅವರು ಹೇಳಿದ ಹೊತ್ತನ್ನೂ ಘೋಷಣೆಯ ಮಾತನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ಬೋರ್ಡಿನಲ್ಲಿ ಬರೆದಿದ್ದರೆ ಫೋಟೊ ತೆಗೆಯಿರಿ. ಟಿಡಿಆರ್ ಹಾಕಿದ ಮೇಲೆ ರೈಲ್ವೆಯವರು ತಮ್ಮ ದಾಖಲೆ ನೋಡಿಯೇ ತೀರ್ಮಾನ ಮಾಡುತ್ತಾರೆ, ಹಣ ಬರೋಕೆ ಸಮಯ ಹಿಡಿಯುತ್ತೆ. ನೀವು ಕೊಟ್ಟ ಬಸ್ ಚಾರ್ಜು, ಆಟೊ ಬಾಡಿಗೆ ಇದರಲ್ಲಿ ಸೇರಲ್ಲ.